ನೀಲಗಿರಿ ಎಷ್ಟು ನೀರು ಕುಡಿಯಿತು?

ಹೊಸಕೋಟೆಯಿಂದ ಸ್ವಲ್ಪ ಒಳಗೆ ನಮ್ಮ ಸೋದರಮಾವನ ಮೂರು ಎಕರೆ ಹೊಲವಿದೆ. ಎರಡು ವರ್ಷದ ಹಿಂದೆ ಅಲ್ಲಿದ್ದ ನೀಲಗಿರಿ ತೋಪನ್ನು ಬುಡಸಮೇತ ಕೀಳಿಸಿದರು. ಜೆಸಿಬಿ ಒಂದೊಂದೇ ಬೊಡ್ಡೆಯನ್ನು ಅಲ್ಲಾಡಿಸಿ ಎತ್ತುತ್ತಿತ್ತು. ನಾವು ನಾಲ್ಕೈದು ಜನ ಬದುವಿನ ಮೇಲೆ ನಿಂತು ನೋಡುತ್ತಿದ್ದೆವು.

ಪಕ್ಕದ ಹೊಲದ ಯಜಮಾನರು ಮೊದಲು ಬಾಯಿ ತೆಗೆದರು. "ನಮ್ ತಾತನ ಕಾಲದಲ್ಲಿ ರಾಗಿ, ಹುಣಸೆ, ಹೊಂಗೆ ಬಿಟ್ರೆ ಏನಿತ್ತು? ಆವಾಗ ಬಾವೀಲಿ ಬಗ್ಗಿದ್ರೆ ಕೈಗೆ ನೀರು ಸಿಗೋದು. ಅದನ್ನ ಬಿಟ್ಟು ಈ ಪರದೇಶಿ ಮರ ತಂದ್ರು ನೋಡಿ, ಅಲ್ಲಿಗೆ ಕೆಟ್ಟಿತು."

ಮಾವ ನಕ್ಕರು. "ಎಲ್ಲಾರೂ ಹಾಕಿದ್ರು, ನಾನೂ ಹಾಕ್ದೆ. ಈಗ ಎಲ್ಲಾರೂ ಕೀಳ್ತಾವ್ರೆ, ನಾನೂ ಕೀಳ್ತಾ ಇದೀನಿ."

ಮಾವನ ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಮೊಬೈಲಿನಲ್ಲಿ ಏನೋ ತೋರಿಸುತ್ತಾ, "ಅಪ್ಪಾ, ಅದೆಲ್ಲ ಹಳೇ ಕಥೆ. ಈಗ ಹೊಸದಾಗಿ ಹೆಬ್ಬೇವು ಬಂದಿದೆ. ಅದನ್ನು ಹಾಕೋಣ" ಅಂದ.

ಮೂರು ಮಾತು, ಮೂರು ವಾದ. ಹಿಂದಿನಿಂದ ಬಂದದ್ದು ಆದ್ದರಿಂದ ಒಳ್ಳೆಯದು. ಎಲ್ಲರೂ ಮಾಡುತ್ತಿದ್ದಾರೆ ಆದ್ದರಿಂದ ಸರಿ. ಹೊಸದು ಆದ್ದರಿಂದ ಉತ್ತಮ. ತರ್ಕಶಾಸ್ತ್ರದ ಪುಸ್ತಕಗಳು ಇವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ, ಬೇರೆ ಬೇರೆ ದೋಷಗಳೆಂದು ಹೇಳಿಕೊಡುತ್ತವೆ. ಆದರೆ ಕೋಲಾರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ಕೆಂಪು ನೆಲದಲ್ಲಿ ಈ ಮೂರೂ ನಾಲ್ಕು ದಶಕ ಒಂದೇ ಮರದ ಸುತ್ತ ಕುಣಿದಿವೆ. ಸರ್ಕಾರದ ನೀತಿಯಲ್ಲಿ, ಚಳವಳಿಯ ಭಾಷಣದಲ್ಲಿ, ಸಂಶೋಧನೆಯ ಹೆಸರಿನಲ್ಲಿ ಕೂಡ. ಕೊನೆಗೆ ಯಾರೋ ಕೆಲವರು ಮರಕ್ಕೆ ಸೂಜಿ ಚುಚ್ಚಿ, ಮಣ್ಣಿಗೆ ಕೊಳವೆ ಇಳಿಸಿ ಅಳೆದರು. ಸಿಕ್ಕ ಉತ್ತರ ಮೂರು ಪಂಗಡದಲ್ಲಿ ಯಾರಿಗೂ ಪೂರ್ತಿ ಒಪ್ಪಿಗೆಯಾಗುವಂಥದ್ದಲ್ಲ.

ಮೊದಲು ಹೊಸತನದ ವಾದ. 1980ರ ದಶಕದ ಆರಂಭದಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ಕರ್ನಾಟಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಶುರುವಾಯಿತು. ಹಳ್ಳಿಯ ಸೌದೆ, ಮೇವು, ಸಣ್ಣಪುಟ್ಟ ಮರಮುಟ್ಟಿನ ಕೊರತೆ ನೀಗಿಸುವುದು ಅದರ ಹೇಳಿಕೆಯ ಉದ್ದೇಶ. ರೈತರಿಗೆ ಸಿಕ್ಕ ಸಸಿಗಳಲ್ಲಿ ಬಹುಪಾಲು ನೀಲಗಿರಿ. ಬೇಗ ಬೆಳೆಯುತ್ತದೆ, ದನ ಮೇಯುವುದಿಲ್ಲ, ಕಡಿದರೆ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ, ಕಾಗದ ಮತ್ತು ರೇಯಾನ್ ಕಾರ್ಖಾನೆಗಳು ಕೊಳ್ಳುತ್ತವೆ. ಇವೆಲ್ಲ ನಿಜವಾದ ಗುಣಗಳು. ಅದರ ಜತೆಗೆ ಇನ್ನೊಂದು ಮಾತೂ ಹೊರಟಿತು: ನೀಲಗಿರಿ ನೀರನ್ನು ಬಲು ದಕ್ಷವಾಗಿ ಬಳಸುವ ಮರ, ಇದು ವಿಜ್ಞಾನ, ವಿರೋಧಿಸುವವರು ಹಳೆಯ ಕಾಲದವರು.

ಈ ಮಾತಿನ ಹಿಂದೆ ಒಂದು ಲೆಕ್ಕವಿತ್ತು. ಲೆಕ್ಕ ಸುಳ್ಳೂ ಅಲ್ಲ. ಒಂದು ಕಿಲೋ ಮರ ಕಟ್ಟಲು ಎಷ್ಟು ಲೀಟರ್ ನೀರು ಬೇಕು ಎಂದು ಅಳೆದರೆ ನೀಲಗಿರಿ ಅನೇಕ ಮರಗಳಿಗಿಂತ ಕಡಿಮೆ ನೀರಿನಲ್ಲಿ ಕೆಲಸ ಮುಗಿಸುತ್ತದೆ. ಆದರೆ ಪಕ್ಕದ ಬಾವಿಯವನಿಗೆ ಬೇಕಾದ ಲೆಕ್ಕ ಬೇರೆ: ಒಂದು ಎಕರೆಗೆ ಎಷ್ಟು ಲೀಟರ್? ಕಿಲೋಗೆ ಕಡಿಮೆ ಕುಡಿಯುವ ಮರವೇ ಎರಡು ಮೂರು ಪಟ್ಟು ಕಿಲೋ ಬೆಳೆದರೆ ಎಕರೆಗೆ ಹೆಚ್ಚು ಕುಡಿದಂತಾಯಿತು. ಹತ್ತು ಇಡ್ಲಿ ತಿನ್ನುವವನು ಒಂದು ಇಡ್ಲಿಗೆ ಅರ್ಧ ಸೌಟು ಸಾಂಬಾರು ಮಾತ್ರ ಹಾಕಿಸಿಕೊಳ್ಳುತ್ತಾನೆ ಎಂದು ಹೊಗಳಿದ ಹಾಗೆ. ಪಾತ್ರೆ ಖಾಲಿಯಾಗುವುದು ಸೌಟಿನ ಲೆಕ್ಕದಲ್ಲಲ್ಲ. ಹೊಸತನದ ವಾದ ಬರೀ 'ಹೊಸದು' ಎಂದು ಹೇಳಿಕೊಂಡು ಬಂದಿದ್ದರೆ ಇಷ್ಟು ಓಡುತ್ತಿರಲಿಲ್ಲ. ಒಂದು ನಿಜವಾದ ಸಂಖ್ಯೆಯನ್ನು ತಪ್ಪು ಪ್ರಶ್ನೆಗೆ ಉತ್ತರವಾಗಿ ಹಿಡಿದುಕೊಂಡು ಬಂದದ್ದರಿಂದಲೇ ಅದಕ್ಕೆ ಬಲ.

ಇನ್ನೊಂದು ತಮಾಷೆ. ಈ 'ಹೊಸ' ಮರ ನಮ್ಮಲ್ಲಿಗೆ ಬಂದದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಎಂದು ಅರಣ್ಯ ಇಲಾಖೆಯವರೇ ಬರೆದುಕೊಂಡು ಬಂದಿದ್ದಾರೆ. ನಂದಿಯ ಸುತ್ತ ಬೆಳೆದ ತಳಿಗೆ 'ಮೈಸೂರು ಗಮ್' ಎಂಬ ಹೆಸರೇ ಬಿದ್ದಿದೆ. ಅಂದರೆ ಬೇಕಾದವರು ಇದನ್ನು ಇನ್ನೂರು ವರ್ಷದ ಪರಂಪರೆ ಎಂದೂ ಕರೆಯಬಹುದಿತ್ತು. ಹಳತು, ಹೊಸತು ಎಂಬ ಹಣೆಪಟ್ಟಿ ಮರದ ಮೇಲಿರುವುದಿಲ್ಲ, ಎಲ್ಲಿಂದ ಎಣಿಸುತ್ತೇವೆ ಎಂಬುದರ ಮೇಲಿರುತ್ತದೆ.

ಇನ್ನು ಪರಂಪರೆಯ ವಾದ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದು ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ಆ ಸಿಟ್ಟಿಗೆ ಕಾರಣವಿತ್ತು. ರಾಗಿ ಹೊಲಗಳು ತೋಪಾಗುತ್ತಿದ್ದವು, ಕೂಲಿ ಕೆಲಸ ಕಡಿಮೆಯಾಗುತ್ತಿತ್ತು, ಮೇವು ಸಿಗುತ್ತಿರಲಿಲ್ಲ. ಆದರೆ ಸಿಟ್ಟಿನ ಜತೆಗೆ ಒಂದು ನಂಬಿಕೆಯೂ ಬೆರೆಯಿತು: ನಾಡಿನ ಮರ ನೀರು ಕೊಡುತ್ತದೆ, ಹೊರಗಿನ ಮರ ನೀರು ಕುಡಿಯುತ್ತದೆ.

ಹಿಂದಿನವರು ಮಾಡಿದ್ದಕ್ಕೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನೂರಾರು ವರ್ಷ ರಾಗಿ ಬೆಳೆದ ನೆಲದಲ್ಲಿ ರಾಗಿ ಬರುತ್ತದೆ ಎಂಬುದು ಪರೀಕ್ಷೆಯಾದ ಮಾತು, ಸಣ್ಣ ಮಳೆಯಲ್ಲೂ ಬರುತ್ತದೆ ಎಂಬುದೂ ಹಾಗೆಯೇ. ಆದರೆ ಆ ಪರೀಕ್ಷೆ ಯಾವ ಪ್ರಶ್ನೆಗೆ ನಡೆದಿತ್ತೋ ಆ ಪ್ರಶ್ನೆಗೆ ಮಾತ್ರ ಅದು ಉತ್ತರ. ಹುಣಸೆ ಎಷ್ಟು ನೀರು ಕುಡಿಯುತ್ತದೆ ಎಂದು ತಾತ ಯಾವತ್ತೂ ನೋಡಿರಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ, ಏಕೆಂದರೆ ಗುಂಡುತೋಪಿನಲ್ಲಿ ಹತ್ತಿಪ್ಪತ್ತು ಮರ ಇದ್ದವೇ ಹೊರತು ಎಕರೆಗಟ್ಟಲೆ ಹೊಲವನ್ನು ಯಾರೂ ಹುಣಸೆಯಿಂದ ಮುಚ್ಚಿರಲಿಲ್ಲ. ತಾತನ ಕಾಲದಲ್ಲಿ ಕೊಳವೆಬಾವಿಯೂ ಇರಲಿಲ್ಲ. ಈಗ ಸಾವಿರ ಅಡಿ ದಾಟಿದ ಬೋರುಗಳು ಸುತ್ತಲೂ ನೀರೆತ್ತುತ್ತಿವೆ. ಬಾವಿ ಬತ್ತಿದ್ದು ಮರದಿಂದಲೋ ಮೋಟಾರಿನಿಂದಲೋ ಎಂದು 'ಆವಾಗ ನೀರಿತ್ತು, ಈಗಿಲ್ಲ' ಎಂಬ ಒಂದೇ ಮಾತಿನಿಂದ ಹೇಳಲಾಗದು. ಅಜ್ಜ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳುವುದು ಎಂಬ ಗಾದೆ ನಮ್ಮಲ್ಲಿದೆ. ಅಜ್ಜ ನೆಡದ ಮರದ ಮೇಲೆ ಎಲ್ಲ ಪಾಪವನ್ನೂ ಹೊರಿಸುವುದು ಅದೇ ಗಾದೆಯ ಇನ್ನೊಂದು ಮಗ್ಗುಲು.

ಮಾವನ ಮಾತಿಗೆ ಬರೋಣ. ಅವರದು ಪ್ರಾಮಾಣಿಕ ಮಾತು, ಅದಕ್ಕೇ ಹೆಚ್ಚು ಕಲಿಯುವಂಥದ್ದು. ಯಾಕೆ ಹಾಕಿದಿರಿ ಎಂದು ಬಿಡಿಸಿ ಕೇಳಿದೆ. ಪಕ್ಕದವರು ಹಾಕಿದ್ದನ್ನು ನೋಡಿ. ಪಕ್ಕದವರು ಯಾಕೆ ಹಾಕಿದರು? ಅವರ ಭಾವಮೈದುನ ಹಾಕಿದ್ದರಿಂದ. ಭಾವಮೈದುನ? ಆತ ಪಟ್ಟಣದಲ್ಲಿದ್ದ, ಹೊಲ ನೋಡಿಕೊಳ್ಳುವವರಿರಲಿಲ್ಲ, ನೆಟ್ಟು ಏಳೆಂಟು ವರ್ಷ ಮರೆತುಬಿಡಬಹುದಾದ ಬೆಳೆ ಬೇಕಿತ್ತು. ಅವನ ಲೆಕ್ಕ ಅವನಿಗೆ ಸರಿಯಾಗಿಯೇ ಇತ್ತು. ಆದರೆ ಊರಲ್ಲಿ ಇಪ್ಪತ್ತು ಜನ ನೀಲಗಿರಿ ಹಾಕಿದ್ದಾರೆ ಎಂದರೆ ಇಪ್ಪತ್ತು ಜನ ಯೋಚಿಸಿದ್ದಾರೆ ಎಂದು ನಾವು ತಿಳಿಯುತ್ತೇವೆ. ಇಲ್ಲಿ ಯೋಚಿಸಿದ್ದು ಒಬ್ಬ, ಅದೂ ಊರಲ್ಲಿಲ್ಲದವನು. ಉಳಿದ ಹತ್ತೊಂಬತ್ತು ಅವನ ನೆರಳಚ್ಚು. ಜನ ಎಷ್ಟು ಎಂದು ಎಣಿಸುವ ಮೊದಲು ಅವರಲ್ಲಿ ಎಷ್ಟು ಮಂದಿ ಒಬ್ಬರನ್ನೊಬ್ಬರು ನೋಡದೆ ತೀರ್ಮಾನಕ್ಕೆ ಬಂದರು ಎಂದು ಎಣಿಸಬೇಕು.

ಸಂಶೋಧನೆಯ ಲೋಕವೂ ಇದಕ್ಕೆ ಹೊರತಲ್ಲ. ಒಂದು ಬರಹದಲ್ಲಿ ಬಂದ ಮಾತನ್ನು ಹತ್ತು ಬರಹ ಎತ್ತಿಕೊಂಡರೆ, ಮುಂದಿನವನು 'ಹನ್ನೊಂದು ಅಧ್ಯಯನಗಳು ಹೇಳುತ್ತವೆ' ಎನ್ನುತ್ತಾನೆ. ನೀಲಗಿರಿಯ ವಾದ ಬಿಸಿಯಾಗಿದ್ದಾಗ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪೂರ್ ಮತ್ತು ಫ್ರೈಸ್ ಎಂಬಿಬ್ಬರಿಂದ ಪ್ರಪಂಚದ ಅಧ್ಯಯನಗಳನ್ನೆಲ್ಲ ತರಿಸಿ ಓದಿಸಿತು. 1985ರಲ್ಲಿ ಬಂದ ಅವರ ವರದಿಯ ಸಾರ ಇಷ್ಟೇ: ನೀಲಗಿರಿ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಎಲ್ಲ ಕಡೆಗೂ ಸಲ್ಲುವ ಒಂದು ಉತ್ತರವಿಲ್ಲ, ಆಯಾ ಜಾಗದಲ್ಲೇ ನೋಡಬೇಕು. ಎರಡೂ ಪಕ್ಷದವರು ಆ ವರದಿಯಿಂದ ತಮಗೆ ಬೇಕಾದ ಪುಟ ಹರಿದುಕೊಂಡರು. ಜಾಗದಲ್ಲೇ ನೋಡಬೇಕು ಎಂಬ ಪುಟ ಮಾತ್ರ ಹಾಗೇ ಉಳಿಯಿತು.

ಅದನ್ನು ಓದಿದವರೂ ಇದ್ದರು. ಬ್ರಿಟನ್ನಿನ ವಾಲಿಂಗ್‌ಫರ್ಡ್‌ನಲ್ಲಿದ್ದ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಮತ್ತು ಜತೆಗಾರರು ಕರ್ನಾಟಕ ಅರಣ್ಯ ಇಲಾಖೆಯವರೊಂದಿಗೆ ಸೇರಿ 1980ರ ದಶಕದ ಕೊನೆಯಿಂದ ನಮ್ಮ ರಾಜ್ಯದಲ್ಲೇ ಅಳತೆ ಶುರು ಮಾಡಿದರು. ಆರಿಸಿಕೊಂಡ ಜಾಗಗಳಲ್ಲಿ ಒಂದು ಶಿವಮೊಗ್ಗದ ಹತ್ತಿರದ ಪುರದಾಳು, ಇನ್ನೊಂದು ಇದೇ ನಮ್ಮ ಹೊಸಕೋಟೆ.

ಅಳೆದ ಬಗೆಯನ್ನು ಸ್ವಲ್ಪ ಹೇಳಬೇಕು. ಮರ ಎಷ್ಟು ನೀರು ಕುಡಿಯುತ್ತದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಅವರು ಭಾರಜಲವನ್ನು, ಅಂದರೆ ಸಾಮಾನ್ಯ ಹೈಡ್ರೋಜನ್ ಬದಲು ಅದರ ತೂಕದ ಅಣ್ಣನಿರುವ ನೀರನ್ನು, ಗೊತ್ತಾದ ಪ್ರಮಾಣದಲ್ಲಿ ಕಾಂಡಕ್ಕೆ ಚುಚ್ಚಿದರು. ಕೊಂಬೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಎಲೆ ಬಿಟ್ಟ ಹಬೆಯನ್ನು ದಿನದಿನವೂ ಹಿಡಿದರು. ಚೀಲದ ನೀರಿನಲ್ಲಿ ಆ ಗುರುತು ಎಷ್ಟು ತೆಳುವಾಗಿದೆ ಎಂದು ನೋಡಿದರೆ, ಮರದೊಳಗೆ ಎಷ್ಟು ನೀರು ಹರಿದುಹೋಯಿತು ಎಂದು ಲೆಕ್ಕ ಹಾಕಬಹುದು. ಗುರುತು ಹೆಚ್ಚು ತೆಳುವಾಗಿದ್ದರೆ ಹರಿದ ನೀರು ಹೆಚ್ಚು. ಇದು ಮರದ ಲೆಕ್ಕ. ಮಣ್ಣಿನ ಲೆಕ್ಕಕ್ಕೆ ಆಳಕ್ಕೆ ಕೊಳವೆ ಇಳಿಸಿ, ನ್ಯೂಟ್ರಾನ್ ಸೂಸುವ ಉಪಕರಣವನ್ನು ಅದರೊಳಗೆ ಬಿಟ್ಟು, ಯಾವ ಆಳದಲ್ಲಿ ಎಷ್ಟು ತೇವವಿದೆ ಎಂದು ಮತ್ತೆ ಮತ್ತೆ ಓದಿದರು. ಪಕ್ಕದಲ್ಲೇ ಮಳೆಮಾಪಕ. ಹಾಗಾಗಿ ಬಂದ ನೀರು, ಹೋದ ನೀರು, ಉಳಿದ ನೀರು ಮೂರೂ ಕೈಯಲ್ಲಿದ್ದವು. ಒಂದು ತಪ್ಪಿದರೆ ಇನ್ನೆರಡು ಹಿಡಿದುಕೊಡುತ್ತವೆ.

ಒಣವಲಯದಲ್ಲಿ ಮಣ್ಣು ಸುಮಾರು 3 ಮೀಟರ್ ಆಳವಿದ್ದ ಜಾಗದಲ್ಲಿ ಸಿಕ್ಕ ಫಲ ಪರಂಪರೆಯವರಿಗೆ ಹಿಡಿಸುವಂಥದ್ದಲ್ಲ. ಎಳೆಯ ನೀಲಗಿರಿ ತೋಪು ಕುಡಿದದ್ದು ನಾಡಿನ ಎಲೆಯುದುರುವ ಕಾಡು ಕುಡಿದದ್ದಕ್ಕಿಂತ ಹೆಚ್ಚಿರಲಿಲ್ಲ. ಎರಡೂ ಆ ವರ್ಷದ ಮಳೆಯನ್ನು ಹೆಚ್ಚುಕಡಿಮೆ ಪೂರ್ತಿ ಬಳಸಿದವು. ನಾಡಿನ ಮರವಾದ ಮಾತ್ರಕ್ಕೆ ಯಾವುದೂ ಉಪವಾಸ ಕೂರಲಿಲ್ಲ.

ಹೊಸತನದವರಿಗೆ ಹಿಡಿಸದ ಫಲವೂ ಅದರ ಪಕ್ಕದಲ್ಲೇ ಇತ್ತು. ರಾಗಿಗೆ ಹೋಲಿಸಿದರೆ ಮರಗಳು ಕುಡಿದದ್ದು ಸುಮಾರು ಎರಡು ಪಟ್ಟು. ಕೋಲಾರದಲ್ಲಿ ನೀಲಗಿರಿ ಬಂದದ್ದು ಕಾಡಿನ ಜಾಗಕ್ಕಲ್ಲ, ಬಹುಮಟ್ಟಿಗೆ ರಾಗಿಯ ಜಾಗಕ್ಕೆ. ಹಾಗಾಗಿ ಕಾಡಿನೊಂದಿಗಿನ ಹೋಲಿಕೆ ಎಷ್ಟೇ ಸರಿಯಾಗಿದ್ದರೂ ಅಲ್ಲಿನ ರೈತನ ಪ್ರಶ್ನೆಗೆ ಅದು ಉತ್ತರವಲ್ಲ.

ಎಲ್ಲರನ್ನೂ ಬೆರಗುಗೊಳಿಸಿದ್ದು ಹೊಸಕೋಟೆ. ಅಲ್ಲಿ ಮಣ್ಣು 8 ಮೀಟರಿಗೂ ಆಳ. ಮಳೆ ಕಡಿಮೆಯಿದ್ದ ಮೂರು ವರ್ಷದಲ್ಲಿ ಬಿದ್ದ ಒಟ್ಟು ಮಳೆ ಸುಮಾರು 2100 ಮಿಲಿಮೀಟರ್. ತೋಪು ಬಳಸಿದ ನೀರು ಸುಮಾರು 3400 ಮಿಲಿಮೀಟರ್. ಬಂದದ್ದಕ್ಕಿಂತ ಹೋದದ್ದು ಹೆಚ್ಚು. ಇದು ಹೇಗೆ ಸಾಧ್ಯ ಎಂದು ಕೇಳಿದವರಿಗೆ ಕಾಲ್ಡರ್ ತಂಡ 1997ರಲ್ಲಿ ಕೊಟ್ಟ ವಿವರಣೆ ಇದು: ಬೇರು ವರ್ಷಕ್ಕೆ ಎರಡೂವರೆ ಮೀಟರಿಗೂ ಮಿಕ್ಕಿ ಕೆಳಗಿಳಿಯುತ್ತಾ, ಹಿಂದಿನ ಎಷ್ಟೋ ಮಳೆಗಾಲಗಳಲ್ಲಿ ಮಣ್ಣಿನ ಪದರಗಳು ಕೂಡಿಟ್ಟಿದ್ದ ತೇವವನ್ನು ಒಂದೊಂದಾಗಿ ಖಾಲಿ ಮಾಡುತ್ತದೆ. ಅಂತರ್ಜಲದ ಮಟ್ಟಕ್ಕೇ ಬೇರು ಇಳಿಸಿ ಹೀರಿತು ಎಂಬುದಕ್ಕೆ ಮಾತ್ರ ಯಾವ ಜಾಗದಲ್ಲೂ ಕುರುಹು ಸಿಗಲಿಲ್ಲ. ಮರ ಬಾವಿಯಿಂದ ಕದಿಯಲಿಲ್ಲ, ಬಾವಿಗೆ ಹೋಗಬೇಕಾದ್ದನ್ನು ದಾರಿಯಲ್ಲೇ ತಡೆಯಿತು. ಬಾವಿಯವನಿಗೆ ಎರಡೂ ಒಂದೇ ಅನ್ನಿಸಬಹುದು. ಆದರೆ ಪರಿಹಾರ ಹುಡುಕುವವನಿಗೆ ಒಂದೇ ಅಲ್ಲ.

2100 ಮತ್ತು 3400ರ ನಡುವಿನ ಅಂತರ 1300 ಮಿಲಿಮೀಟರ್. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸುಮಾರು 4047 ಲೀಟರ್. ಗುಣಿಸಿದರೆ ಎಕರೆಗೆ 52 ಲಕ್ಷ ಲೀಟರಿಗೂ ಹೆಚ್ಚು. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಎಣಿಸಿದರೆ ಹತ್ತಿರ ಹತ್ತಿರ 875 ಟ್ಯಾಂಕರು. ಮಾವನ ಮೂರು ಎಕರೆಯ ಮಣ್ಣೂ ಅಷ್ಟೇ ಆಳವಿದ್ದು, ಮಳೆಯೂ ಹಾಗೇ ಇದ್ದಿದ್ದರೆ, ಮೂರು ವರ್ಷದಲ್ಲಿ ಎರಡೂವರೆ ಸಾವಿರಕ್ಕೂ ಮಿಕ್ಕಿ ಟ್ಯಾಂಕರು ನೀರು ನೆಲದ ಉಳಿತಾಯದಿಂದ ಹೋಯಿತು ಎಂದಾಯಿತು.

ಇಷ್ಟನ್ನು ಹಿಡಿದುಕೊಂಡು 'ನೀಲಗಿರಿ ಮಳೆಗಿಂತ ಹೆಚ್ಚು ನೀರು ಕುಡಿಯುತ್ತದೆ' ಎಂದು ಬ್ಯಾನರ್ ಬರೆಸುವುದು ಸುಲಭ. ಬರೆಸಿದವರೂ ಇದ್ದಾರೆ. ಆದರೆ ಅದು ಒಂದು ಜಾಗದ, ಆಳದ ಮಣ್ಣಿನ, ಬೇರು ಇಳಿಯುತ್ತಿದ್ದ ವರ್ಷಗಳ ಅಳತೆ. ಉಳಿತಾಯ ಮುಗಿದ ಮೇಲೆ ಮರ ಬಿದ್ದ ಮಳೆಯನ್ನಷ್ಟೇ ಕುಡಿಯಬಲ್ಲದು, ಏಕೆಂದರೆ ಇಲ್ಲದ್ದನ್ನು ಯಾರೂ ಕುಡಿಯಲಾರರು. ಮಣ್ಣು ತೆಳುವಾಗಿ ಕೆಳಗೆ ಬಂಡೆಯಿರುವ ಕಡೆ ಆ ಉಳಿತಾಯವೇ ಇರುವುದಿಲ್ಲ. ಒಬ್ಬರು ಹೊಸಕೋಟೆಯ ಸಂಖ್ಯೆಯನ್ನು ಇಡೀ ರಾಜ್ಯಕ್ಕೆ ಹಚ್ಚಿದರೆ, ಇನ್ನೊಬ್ಬರು ಒಣವಲಯದ 3 ಮೀಟರ್ ಮಣ್ಣಿನ ಸಂಖ್ಯೆ ತೋರಿಸಿ ನೀಲಗಿರಿ ನಿರಪರಾಧಿ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಇರುವುದು ಒಂದೇ ಅಧ್ಯಯನ. ಸುಳ್ಳು ಹೇಳುವವನಿಗಿಂತ ಅರ್ಧ ಅಧ್ಯಯನ ಓದಿದವನ ಜತೆ ವಾದ ಮಾಡುವುದು ಕಷ್ಟ ಎಂದು ನನಗೆ ಅನ್ನಿಸಿದ್ದು ಈ ವಿಷಯ ಓದುವಾಗಲೇ.

2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ರಾಗಿಯ ನೆಲದ ಮಟ್ಟಿಗೆ ಆ ತೀರ್ಮಾನ ಸರಿ ಎಂದೇ ನನ್ನ ಎಣಿಕೆ. ಆದರೆ ಅದರ ಪರವಾಗಿ ನಾನು ಕೇಳಿದ ಭಾಷಣಗಳಲ್ಲಿ ಹೆಚ್ಚಿನವು 'ಇದು ನಮ್ಮ ಮರವಲ್ಲ', 'ಎಲ್ಲ ಕಡೆ ಕೀಳುತ್ತಿದ್ದಾರೆ' ಎಂಬ ಎರಡು ಕಾಲಿನ ಮೇಲೆ ನಿಂತಿದ್ದವು. ಸರಿಯಾದ ತೀರ್ಮಾನಕ್ಕೆ ತಪ್ಪು ಕಾರಣ ಕೊಟ್ಟರೆ ಏನು ನಷ್ಟ ಎಂದು ಕೇಳಬಹುದು. ನಷ್ಟ ಮುಂದಿನ ಮರದಲ್ಲಿದೆ. ಹೆಬ್ಬೇವು ನಮ್ಮ ನಾಡಿನದೇ ಮರ, ಈಗ ಎಲ್ಲರೂ ಹಾಕುತ್ತಿದ್ದಾರೆ, ಬೆಳೆಯಾಗಿ ಹೊಸದು ಕೂಡ. ಮೂರೂ ವಾದ ಅದರ ಪರ. ಬೇಗ ಬೆಳೆಯುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಬೇಗ ಬೆಳೆಯುವ ಮರ ಆಳದ ಮಣ್ಣಿನಲ್ಲಿ ಎಕರೆಗೆ ಎಷ್ಟು ಕುಡಿಯುತ್ತದೆ, ಅದರ ಜಾಗದಲ್ಲಿ ಮುಂಚೆ ಇದ್ದ ಬೆಳೆ ಎಷ್ಟು ಕುಡಿಯುತ್ತಿತ್ತು ಎಂದು ಕೇಳುವವರನ್ನು ನಾನಿನ್ನೂ ಕಂಡಿಲ್ಲ.

ಇದನ್ನೆಲ್ಲ ಈಚೆಗೆ ಮಾವನ ಮಗನಿಗೆ ಹೇಳಿದೆ. ಅವನು ಮೊಬೈಲು ಜೇಬಿಗಿಟ್ಟು, "ಹಾಗಾದ್ರೆ ಮರ ಕಿತ್ತು ಎರಡು ಮಳೆಗಾಲ ಆಯ್ತಲ್ಲ ಅಣ್ಣ, ಬಾವಿಗೆ ಯಾಕೆ ನೀರು ಬಂದಿಲ್ಲ? ಮರಕ್ಕೂ ಬಾವಿಗೂ ಸಂಬಂಧ ಇಲ್ಲ ಅಂತ ಊರಲ್ಲಿ ಎಲ್ಲಾ ಹೇಳ್ತಾವ್ರೆ" ಅಂದ. ಒಳ್ಳೆಯ ಪ್ರಶ್ನೆ. ಬದುವಿನ ಮೇಲೆ ಕೂತು ಬಾಯಿಲೆಕ್ಕ ಹಾಕಿದೆವು. ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದುಕೊಳ್ಳೋಣ. ರಾಗಿ ಅದರಲ್ಲಿ ಅರ್ಧ ಬಳಸುತ್ತದೆ. ಉಳಿದ 350ರಲ್ಲಿ ಒಂದಿಷ್ಟು ಹರಿದುಹೋಗುತ್ತದೆ. ಒಂದು ಹನಿಯೂ ಹರಿಯದೆ ಎಲ್ಲ ಇಂಗಿದರೂ 1300 ಮಿಲಿಮೀಟರಿನ ಹಳ್ಳ ತುಂಬಲು ಸುಮಾರು ನಾಲ್ಕು ವರ್ಷ ಬೇಕು. ಅದು ತುಂಬಿದ ಮೇಲಷ್ಟೇ ಮಣ್ಣಿನಿಂದ ಕೆಳಕ್ಕೆ ನೀರು ಜಿನುಗಲು ಶುರು. ಅಷ್ಟರಲ್ಲಿ ಸುತ್ತಲಿನ ಬೋರುಗಳು ಎಷ್ಟು ಎತ್ತಿರುತ್ತವೆ ಎಂಬುದು ಬೇರೆಯೇ ಲೆಕ್ಕ.

ಮಾವ ಈ ಸಲವೂ ರಾಗಿಯನ್ನೇ ಹಾಕಿದ್ದಾರೆ. ತೆನೆ ಚೆನ್ನಾಗಿ ಬಂದಿದೆ. ಬಾವಿಯಲ್ಲಿ ಇನ್ನೂ ನೀರಿಲ್ಲ.